ಬಾಕಿ ಕಂತು ನೆನಪಿಸುವ ಫೋನ್ ಕರೆ: ತೀರ್ಥಹಳ್ಳಿ ಶಾಖೆಗೆ ತಿದ್ದಿ ಬರೆದ ಮಾತು

ಕರೆ ಮಾಡುವವರು: ಸುಮಾ, ವಸೂಲಿ ವಿಭಾಗ. ಸಾಲಗಾರರು: ಆಗುಂಬೆ ಕಡೆಯ ಅಡಿಕೆ ಬೆಳೆಗಾರ ಮಂಜಪ್ಪಗೌಡರು. ಸಾಲ: ಬೈಕ್ ಖರೀದಿಗೆ, 24 ಕಂತು. ಬಾಕಿ: ಆಗಸ್ಟ್ 5 ಮತ್ತು ಸೆಪ್ಟೆಂಬರ್ 5ರ ಎರಡು ಕಂತು. ಕರೆಯ ದಿನ: ಸೆಪ್ಟೆಂಬರ್ 18, ಮಧ್ಯಾಹ್ನ ಎರಡು ಗಂಟೆ.

ವಸೂಲಿಯ ಕರೆಯನ್ನು ಬೆಳಿಗ್ಗೆ 8ಕ್ಕೆ ಮೊದಲು ಮತ್ತು ಸಂಜೆ 7ರ ನಂತರ ಮಾಡಬಾರದೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಆದರೆ ಎಂಟು ಗಂಟೆಗೆ ಹಾಲು ಕರೆದು ಡೇರಿಗೆ ಹೊರಟವರನ್ನು ತಡೆದು ಮಾತನಾಡಿಸುವುದರಿಂದ ಯಾವ ಪ್ರಯೋಜನವೂ ಇಲ್ಲದ ಕಾರಣ, ಊಟ ಮುಗಿದ ಹೊತ್ತನ್ನು ಆರಿಸಿಕೊಳ್ಳಲಾಗಿದೆ. ಹಳೆಯ ಬರಹದಲ್ಲಿದ್ದ ‘ಮನೆ ಬಾಗಿಲಿಗೆ ಬರಬೇಕಾಗುತ್ತದೆ’, ‘ಊರಿನಲ್ಲಿ ಮರ್ಯಾದೆ ಹೋಗುತ್ತದೆ’ ಎಂಬ ಎರಡು ವಾಕ್ಯಗಳನ್ನು ಪೂರ್ತಿ ತೆಗೆದುಹಾಕಲಾಗಿದೆ. ಅವನ್ನು ಮೆತ್ತಗೆ ಮಾಡಿಯೂ ಹೇಳಬೇಡಿ.

ಕರೆಯ ಆರಂಭ

“ನಮಸ್ಕಾರ. ಮಂಜಪ್ಪಗೌಡರೇ ಮಾತನಾಡುತ್ತಿರುವುದಾ?”

ಮನೆಯವರು ಫೋನ್ ಎತ್ತಿ, ಯಜಮಾನರು ತೋಟಕ್ಕೆ ಹೋಗಿದ್ದಾರೆ ಎಂದರೆ ಇಷ್ಟು ಮಾತ್ರ: “ಆಗಲಿ ಅಮ್ಮಾ. ತೀರ್ಥಹಳ್ಳಿಯಿಂದ ಸುಮಾ ಎಂಬುವರು ಫೋನ್ ಮಾಡಿದ್ದರು ಎಂದು ಅವರಿಗೆ ತಿಳಿಸಿ. ನಾನು ನಾಳೆ ಇದೇ ಹೊತ್ತಿಗೆ ಮತ್ತೆ ಮಾಡುತ್ತೇನೆ.” ಏನು ವಿಷಯ ಎಂದು ಅವರು ಎರಡು ಸಲ ಕೇಳಿದರೂ ಸಾಲದ ಮಾತು ಬೇಡ. ಅದು ಗೌಡರ ಖಾತೆಯ ವಿಷಯ, ಹೆಂಡತಿ ಮಕ್ಕಳಿಗೆ ಹೇಳುವುದೂ ಬಿಡುವುದೂ ಅವರಿಗೇ ಸೇರಿದ್ದು.

ಗೌಡರೇ ಮಾತಿಗೆ ಸಿಕ್ಕಾಗ:

“ಗೌಡರೇ, ನಾನು ಸುಮಾ, ನಿಮ್ಮ ಬ್ಯಾಂಕಿನ ತೀರ್ಥಹಳ್ಳಿ ಶಾಖೆಯಿಂದ ಮಾತನಾಡುತ್ತಿದ್ದೇನೆ. ನಿಮ್ಮ ಬೈಕ್ ಸಾಲದ ಬಗ್ಗೆ ಐದು ನಿಮಿಷ ಮಾತನಾಡಬೇಕಿತ್ತು. ಈಗ ಅನುಕೂಲವೇ, ಅಥವಾ ಬೇರೆ ಹೊತ್ತಿನಲ್ಲಿ ಮಾಡಲೇ? ಈ ಮಾತುಕತೆ ರೆಕಾರ್ಡ್ ಆಗುತ್ತದೆ ಎಂಬುದನ್ನು ಮೊದಲೇ ತಿಳಿಸುತ್ತಿದ್ದೇನೆ. ನಾನು ನಿಮ್ಮ ಬಳಿ ಓಟಿಪಿ ಆಗಲಿ, ಎಟಿಎಂ ಪಿನ್ ಆಗಲಿ ಕೇಳುವುದಿಲ್ಲ. ನನ್ನ ಬಗ್ಗೆ ಅನುಮಾನವಿದ್ದರೆ ಈ ಕರೆಯನ್ನು ಇಟ್ಟು, ಪಾಸ್‌ಬುಕ್ಕಿನ ಮೇಲೆ ಅಚ್ಚಾಗಿರುವ ಶಾಖೆಯ ನಂಬರಿಗೆ ನೀವೇ ಫೋನ್ ಮಾಡಿ, ಸುಮಾ ಬೇಕು ಎಂದು ಕೇಳಬಹುದು.”

ವಿಷಯ

“ಕಳೆದ ವರ್ಷದ ಸೆಪ್ಟೆಂಬರಿನಿಂದ ಈ ಜುಲೈವರೆಗಿನ ಹನ್ನೊಂದು ಕಂತುಗಳನ್ನೂ ನೀವು ತಪ್ಪದೆ ಕಟ್ಟಿದ್ದೀರಿ. ಆಗಸ್ಟ್ 5 ಮತ್ತು ಸೆಪ್ಟೆಂಬರ್ 5ರಂದು ಮಾತ್ರ ಖಾತೆಯಲ್ಲಿ ಸಾಕಷ್ಟು ಹಣವಿಲ್ಲದ ಕಾರಣ ಕಂತು ತಾನಾಗಿ ಕಡಿತವಾಗಿಲ್ಲ. ಒಂದು ಕಂತು 3,240 ರೂಪಾಯಿಯಂತೆ ಎರಡಕ್ಕೆ 6,480 ರೂಪಾಯಿ. ತಡವಾದುದಕ್ಕೆ ಸಾಲದ ಕರಾರಿನ ಪ್ರಕಾರ ಆಗಸ್ಟ್ ಕಂತಿಗೆ 90, ಸೆಪ್ಟೆಂಬರ್ ಕಂತಿಗೆ 40, ಒಟ್ಟು 130 ರೂಪಾಯಿ ದಂಡ ಶುಲ್ಕ ಸೇರಿದೆ. ಎಲ್ಲ ಕೂಡಿ ಈ ದಿನದ ಲೆಕ್ಕಕ್ಕೆ 6,610 ರೂಪಾಯಿ ಆಗುತ್ತದೆ. ದಂಡ ಶುಲ್ಕವನ್ನು ಅಸಲಿಗೆ ಸೇರಿಸಿ ಅದರ ಮೇಲೆ ಮತ್ತೆ ಬಡ್ಡಿ ಹಾಕುವುದಿಲ್ಲ. ಬರೆದುಕೊಳ್ಳುವುದಾದರೆ ನಿಧಾನವಾಗಿ ಇನ್ನೊಮ್ಮೆ ಹೇಳುತ್ತೇನೆ.”

ಇಲ್ಲಿ ನಿಲ್ಲಿಸಿ. ಅವರು ಮಾತನಾಡುವವರೆಗೆ ಕಾಯಬೇಕು. ಹಳೆಯ ಬರಹದ ದೊಡ್ಡ ದೋಷವೆಂದರೆ, ಮೊತ್ತ ಹೇಳಿದ ಉಸಿರಿನಲ್ಲೇ ಯಾವತ್ತು ಕಟ್ಟುತ್ತೀರಿ ಎಂದು ಕೇಳಿಬಿಡುತ್ತಿತ್ತು.

“ಕಟ್ಟಲು ತೊಂದರೆಯಾಗಿದ್ದರೆ ಏನಾಯಿತು ಎಂದು ಹೇಳಬಹುದೇ? ಹೇಳಲೇಬೇಕೆಂದಿಲ್ಲ. ಹೇಳಿದರೆ ನಮ್ಮ ಕಡೆಯಿಂದ ಏನು ಸಾಧ್ಯ ಎಂದು ನೋಡಲು ಅನುಕೂಲವಾಗುತ್ತದೆ.”

ಈ ಮಳೆಗಾಲದಲ್ಲಿ ಬರಬಹುದಾದ ಉತ್ತರ ಹೆಚ್ಚುಕಡಿಮೆ ಒಂದೇ: ಮಳೆ ಬಿಡಲಿಲ್ಲ, ಕೊಳೆರೋಗ ಬಂತು, ಬೋರ್ಡೊ ಹೊಡೆಸಲು ಕೊನೆಗಾರರು ಸಿಗಲಿಲ್ಲ, ಸಿಕ್ಕವರ ಕೂಲಿಗೂ ಮೈಲುತುತ್ತಕ್ಕೂ ಕೈಯಲ್ಲಿದ್ದ ದುಡ್ಡೆಲ್ಲ ಹೋಯಿತು, ಅಡಿಕೆ ಮಾರಿದ ಮೇಲೆ ಒಟ್ಟಿಗೆ ಕಟ್ಟುತ್ತೇನೆ. ಇದನ್ನು ನೆಪ ಎಂದು ತಿಳಿಯಬೇಡಿ. ಕೊಯ್ಲಿಗೆ ಮೊದಲು ತೋಟದ ಖರ್ಚೇ ಖರ್ಚು, ಆದಾಯವಿಲ್ಲ. ಹಾಗೆಂದು ಕೊಯ್ಲು, ಬೇಯಿಸುವುದು, ಒಣಗಿಸುವುದು ಮುಗಿದು ಮಾಲು ಶಿವಮೊಗ್ಗದ ಮಂಡಿ ತಲುಪುವವರೆಗೆ ಸುಮ್ಮನಿದ್ದರೆ ಬಾಕಿ ಕಂತುಗಳು ಐದೋ ಆರೋ ಆಗುತ್ತವೆ. ಆದ್ದರಿಂದ ಹೀಗೆ ಹೇಳಿ:

“ಕೇಳಿ ಬೇಸರವಾಯಿತು ಗೌಡರೇ. ಅಡಿಕೆ ದುಡ್ಡು ಬರುವವರೆಗೆ ಎಲ್ಲವನ್ನೂ ಹಾಗೆಯೇ ಬಿಟ್ಟರೆ ಪ್ರತಿ ತಿಂಗಳೂ ಒಂದೊಂದು ಕಂತು ಸೇರಿ ಆಮೇಲೆ ನಿಮಗೇ ಭಾರವಾಗುತ್ತದೆ. ಈ ತಿಂಗಳ 30ರೊಳಗೆ ಆಗಸ್ಟಿನ ಒಂದು ಕಂತನ್ನಾದರೂ, ಅಂದರೆ 3,240 ರೂಪಾಯಿ, ಕಟ್ಟಲು ಆಗಬಹುದೇ? ಅದೂ ಕಷ್ಟವಾದರೆ, ತೋಟವನ್ನು ಚೇಣಿಗೆ ಕೊಟ್ಟು ಮುಂಗಡ ಬರುವುದಿದ್ದರೆ ಅದು ಯಾವಾಗ ಬರುತ್ತದೆ ಎಂದು ಬರೆದು ಒಂದು ಅರ್ಜಿ ಕೊಡಿ. ಕಂತಿನ ದಿನಾಂಕ ಬದಲಿಸುವ ಅಥವಾ ಅವಧಿ ಹೆಚ್ಚಿಸುವ ಅಧಿಕಾರ ನನಗಿಲ್ಲ. ಅರ್ಜಿಯನ್ನು ಮ್ಯಾನೇಜರ್ ಅವರ ಮುಂದಿಟ್ಟು, ಆಗುತ್ತದೆಯೋ ಇಲ್ಲವೋ ಎಂಬುದನ್ನು ನಿಮಗೆ ಬರವಣಿಗೆಯಲ್ಲಿ ತಿಳಿಸುತ್ತೇವೆ.”

ಕಟ್ಟದಿದ್ದರೆ ಏನು ಮಾಡುತ್ತೀರಿ, ಬೈಕ್ ಎಳೆದುಕೊಂಡು ಹೋಗುತ್ತೀರಾ ಎಂದು ಅವರಾಗಿಯೇ ಕೇಳಿದರೆ ಮಾತ್ರ, ದನಿ ಏರಿಸದೆ, ಒಂದೇ ಸಲ: “ಇವತ್ತಿನ ಕರೆ ನೆನಪಿಸುವುದಕ್ಕೆ ಮಾತ್ರ. ಬಾಕಿ ಉಳಿದ ಮಾಹಿತಿ ಸಾಲ ಮಾಹಿತಿ ಸಂಸ್ಥೆಗಳಿಗೆ ಹೋಗುತ್ತದೆ, ಅದರಿಂದ ಮುಂದೆ ಬೇರೆ ಸಾಲ ಪಡೆಯುವಾಗ ತೊಡಕಾಗಬಹುದು. ಅದಕ್ಕೂ ಮುಂದಿನ ಯಾವುದೇ ಕ್ರಮವಿದ್ದರೂ ಕರಾರಿನಲ್ಲಿರುವಂತೆ ಮೊದಲು ನಿಮಗೆ ಲಿಖಿತ ನೋಟಿಸ್ ಬರುತ್ತದೆ. ನಿಮ್ಮ ನೆಂಟರಿಗಾಗಲಿ, ನೆರೆಯವರಿಗಾಗಲಿ ನಾವು ಫೋನ್ ಮಾಡುವುದಿಲ್ಲ.”

ಸಿಟ್ಟಿನಿಂದ ಬೈದರೆ: “ನಿಮಗೆ ಬೇಸರವಾಗಿದೆ ಎಂದು ತಿಳಿಯಿತು. ಈಗ ಇಡುತ್ತೇನೆ, ನಾಡಿದ್ದು ಮಾಡಲೇ?” ಅಷ್ಟೇ. ಮಾತಿನ ನಡುವೆ ಲೈನ್ ಕಟ್ ಆದರೆ ಬೇಕೆಂದೇ ಇಟ್ಟರೆಂದು ಭಾವಿಸಬೇಡಿ. ಆ ಕಡೆ ಸಿಗ್ನಲ್ ಸಿಗುವುದು ಅಂಗಳದ ಒಂದು ಮೂಲೆಯಲ್ಲಿ, ಮಳೆ ಜೋರಾದರೆ ಅಲ್ಲಿಯೂ ಇಲ್ಲ. ಹತ್ತು ನಿಮಿಷ ಬಿಟ್ಟು ಒಮ್ಮೆ ಪ್ರಯತ್ನಿಸಿ, ಸಿಗದಿದ್ದರೆ ಮರುದಿನ.

ಕರೆಯ ಕೊನೆ

“ಹಾಗಾದರೆ ಸೆಪ್ಟೆಂಬರ್ 30ರೊಳಗೆ 3,240 ರೂಪಾಯಿ ಕಟ್ಟುತ್ತೀರಿ, ಉಳಿದದ್ದಕ್ಕೆ ಅರ್ಜಿ ಕೊಡುತ್ತೀರಿ ಎಂದು ಬರೆದುಕೊಂಡಿದ್ದೇನೆ. ನಾನು ಬರೆದದ್ದು ಸರಿಯೇ? ಹಣವನ್ನು ನಿಮ್ಮ ಖಾತೆಗೆ ಹಾಕಿಸಬಹುದು, ಇಲ್ಲವೇ ಶಾಖೆಯ ಕೌಂಟರಿನಲ್ಲಿ ಕಟ್ಟಿ ರಸೀದಿ ಪಡೆಯಬಹುದು. ಬ್ಯಾಂಕಿನವರು ಎಂದು ಹೇಳಿಕೊಂಡು ಮನೆಗೆ ಬಂದ ಯಾರ ಕೈಗೂ ನಗದು ಕೊಡಬೇಡಿ. ನಾನು ಹೇಳಿದ ಲೆಕ್ಕದಲ್ಲಾಗಲಿ, ಮಾತನಾಡಿದ ರೀತಿಯಲ್ಲಾಗಲಿ ತಕರಾರಿದ್ದರೆ ಶಾಖೆಗೆ ಲಿಖಿತ ದೂರು ಕೊಡಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು. ಅದರ ವಿವರ 14448 ಸಂಖ್ಯೆಯಲ್ಲಿ ಸಿಗುತ್ತದೆ. 30ರವರೆಗೆ ಈ ವಿಷಯವಾಗಿ ನಾನು ಮತ್ತೆ ಫೋನ್ ಮಾಡುವುದಿಲ್ಲ. ಬರುತ್ತೇನೆ ಗೌಡರೇ, ನಮಸ್ಕಾರ.”

ಅವರು ಫೋನ್ ಇಟ್ಟ ಮೇಲೆ ನೀವು ಇಡಿ. ರಿಜಿಸ್ಟರಿನಲ್ಲಿ ಕರೆಯ ಹೊತ್ತು, ಅವರು ಹೇಳಿದ ಕಾರಣ ಅವರದೇ ಮಾತಿನಲ್ಲಿ, ಒಪ್ಪಿದ ಮೊತ್ತ ಮತ್ತು ದಿನಾಂಕ ಇಷ್ಟನ್ನು ಅಂದೇ ದಾಖಲಿಸಿ, ಅಕ್ಟೋಬರ್ 1ರ ಪುಟದಲ್ಲಿ ಗೌಡರ ಹೆಸರನ್ನು ಗುರುತು ಹಾಕಿಡಿ.