ಬೇಕಾಗಿದ್ದಾರೆ: ಹಲ್ಲಿನ ಕ್ಲಿನಿಕ್‌ಗೆ ರಿಸೆಪ್ಷನಿಸ್ಟ್ ಮತ್ತು ಬಿಲ್ಲಿಂಗ್ ನೋಡಿಕೊಳ್ಳುವವರು (ಮಾಟುಂಗಾ ಪೂರ್ವ, ಮುಂಬಯಿ)

ನಮ್ಮದು ಚಿಕ್ಕ ಕ್ಲಿನಿಕ್. ಎರಡು ಚೇರು, ಇಬ್ಬರು ಡಾಕ್ಟರು, ಒಬ್ಬ ಅಸಿಸ್ಟೆಂಟ್. ಫೋನು, ಅಪಾಯಿಂಟ್‌ಮೆಂಟು, ಬಿಲ್ಲು ಎಲ್ಲ ಒಬ್ಬರೇ ನೋಡಿಕೊಳ್ಳಬೇಕು. ಎಂಟು ವರ್ಷದಿಂದ ಇಲ್ಲಿರುವವರು ಮಗಳ ಬಾಣಂತನಕ್ಕೆ ಊರಿಗೆ ಹೊರಟಿದ್ದಾರೆ. ಹೋಗುವ ಮೊದಲು ಎರಡು ವಾರ ಜೊತೆಗಿದ್ದು ನಿಮಗೆ ಕೆಲಸ ಕಲಿಸಿಕೊಡುತ್ತಾರೆ.

ಮುಂದಿನ ಮೇಜು

ಹಲ್ಲು ನೋಯುತ್ತಿರುವವರಿಗೆ ತಾಳ್ಮೆ ಕಮ್ಮಿ, ಸಿಟ್ಟು ಜಾಸ್ತಿ. ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಫೋನಿನಲ್ಲಿ ಯಾವ ಹಲ್ಲು, ಎಷ್ಟು ದಿನದಿಂದ, ಮುಖ ಊದಿದೆಯಾ, ಜ್ವರ ಇದೆಯಾ ಎಂದು ಕೇಳಿ. ಊತ, ಜ್ವರ ಇದ್ದವರನ್ನು ಅದೇ ದಿನ ಕರೆಸಿ. ಮಗು ಬಿದ್ದು ಶಾಶ್ವತ ಹಲ್ಲು ಬುಡಸಮೇತ ಕಿತ್ತು ಬಂದಿದೆ ಎಂದು ಫೋನ್ ಬಂದರೆ ಡೈರಿ ತೆಗೆಯಲೇ ಬೇಡಿ. ಹಲ್ಲನ್ನು ಹಾಲಿನಲ್ಲಿ ಹಾಕಿಕೊಂಡು ಈಗಲೇ ಬನ್ನಿ, ಬೇರು ಉಜ್ಜಬೇಡಿ ಎಂದು ಹೇಳಿ, ಡಾಕ್ಟರನ್ನು ಕರೆಯಿರಿ. ಅಲ್ಲಿ ಒಂದೊಂದು ನಿಮಿಷಕ್ಕೂ ಬೆಲೆ ಇದೆ.

ಹೊಸಬರಿಂದ ಫಾರ್ಮ್ ತುಂಬಿಸುವಾಗ ಸಕ್ಕರೆ ಕಾಯಿಲೆ, ಬಿಪಿ, ಗರ್ಭಿಣಿಯೇ, ಯಾವ ಮಾತ್ರೆಗೆ ಅಲರ್ಜಿ, ರಕ್ತ ತೆಳು ಮಾಡುವ ಮಾತ್ರೆ ತಗೊಳ್ತಾರಾ, ಇಷ್ಟನ್ನು ಬಿಡದೆ ಕೇಳಿ. ಆದರೆ ಮಾತ್ರೆ ನಿಲ್ಲಿಸಿ, ಇದನ್ನು ತಗೊಳ್ಳಿ ಎನ್ನುವ ಮಾತು ನಿಮ್ಮ ಬಾಯಿಂದ ಬರಕೂಡದು, ಪಕ್ಕದ ಮನೆಯವರೇ ಕೇಳಿದರೂ.

ಕ್ಯಾಪ್ ಕೂರಿಸುವ ದಿನ ಕೊಡುವ ಮೊದಲು ಲ್ಯಾಬಿನಿಂದ ಕ್ಯಾಪ್ ಬಂದಿದೆಯಾ ಎಂದು ಡಬ್ಬಿ ತೆರೆದು ನೋಡಿ. ಕಲ್ಯಾಣದಿಂದ ಲೋಕಲ್ ಹತ್ತಿ ಬಂದ ಅಜ್ಜಿಯನ್ನು ಬರಿಗೈಯಲ್ಲಿ ವಾಪಸ್ ಕಳಿಸಿದ ದಿನ ನಮಗಿನ್ನೂ ನೆನಪಿದೆ.

ಬಿಲ್ಲಿಂಗ್

ಇದರಲ್ಲೇ ನಿಮ್ಮ ನಿಜವಾದ ಪರೀಕ್ಷೆ. ನಮ್ಮ ಕ್ಲಿನಿಕ್ಕಿನ ನಿಯಮ ಒಂದೇ: ಖರ್ಚು ಎಷ್ಟು ಎಂದು ಪೇಷಂಟ್ ಚೇರಿನಲ್ಲಿ ಕೂರುವ ಮೊದಲೇ ಗೊತ್ತಿರಬೇಕು. ಡಾಕ್ಟರು ಎಸ್ಟಿಮೇಟ್ ಬರೆದ ಮೇಲೆ ನೀವು ಅದನ್ನು ಅವರ ಭಾಷೆಯಲ್ಲಿ ಬಿಡಿಸಿ ಹೇಳಬೇಕು. ರೂಟ್ ಕೆನಾಲ್‌ಗೆ ಇಷ್ಟು, ಕ್ಯಾಪ್‌ಗೆ ಬೇರೆ ಇಷ್ಟು, ಎಷ್ಟು ಸಲ ಬರಬೇಕು, ಯಾವಾಗ ಎಷ್ಟು ಕಟ್ಟಬೇಕು ಎಂದು. “ರೂಟ್ ಕೆನಾಲ್ ಅಂದ್ರೆ ಕ್ಯಾಪೂ ಸೇರಿಯೇ ಅಲ್ವಾ?” ಎಂಬ ಜಗಳ ಹುಟ್ಟುವುದು ಇಲ್ಲೇ.

ಹಲ್ಲಿನ ನಂಬರು ಕಲಿಯಲೇಬೇಕು. 36 ಎಂದರೆ ಕೆಳಗಿನ ಎಡಗಡೆಯ ಮೊದಲ ದವಡೆ ಹಲ್ಲು, 46 ಬಲಗಡೆಯದು. ಎಡ ಬಲ ನಮ್ಮದಲ್ಲ, ಪೇಷಂಟಿನದು. ಒಮ್ಮೆ ಬಿಲ್ಲಿನಲ್ಲಿ 36, ಎಕ್ಸ್‌ರೇಯಲ್ಲಿ 46 ಎಂದು ಬರೆದು ಒಬ್ಬರ ಇನ್ಶೂರೆನ್ಸ್ ಹಣ ಎರಡು ತಿಂಗಳು ನಿಂತಿತ್ತು. ತಪ್ಪು ನಮ್ಮದೇ. ಇಲ್ಲಿ ಕ್ಯಾಶ್‌ಲೆಸ್ ಇಲ್ಲ. ಪೇಷಂಟ್ ಹಣ ಕಟ್ಟಿ ಆಮೇಲೆ ಕ್ಲೇಮ್ ಮಾಡುತ್ತಾರೆ. ಅವರಿಗೆ ತಾರೀಖು, ಹಲ್ಲಿನ ನಂಬರು, ಡಾಕ್ಟರ ನೋಂದಣಿ ಸಂಖ್ಯೆ ಇರುವ ಬಿಲ್ಲು, ರಸೀದಿ, ಎಕ್ಸ್‌ರೇ ಒಟ್ಟಿಗೆ ಕೊಡಬೇಕು. ಕ್ಲೇಮ್ ಪಾಸಾಗುತ್ತದೆ ಎಂದು ಮಾತ್ರ ಮಾತು ಕೊಡಬೇಡಿ. ಬಿಲ್ಲಿನ ತಾರೀಖು ಹಿಂದೆ ಮುಂದೆ ಮಾಡಿಕೊಡಿ ಎಂದು ಯಾರೇ ಕೇಳಿದರೂ ಆಗುವುದಿಲ್ಲ ಎನ್ನಿ.

ಯುಪಿಐ ಹಣವನ್ನು ಅವರ ಮೊಬೈಲಿನಲ್ಲಿ ಅಲ್ಲ, ನಮ್ಮ ಖಾತೆಯಲ್ಲಿ ನೋಡಿ ರಸೀದಿ ಕೊಡಿ. ಇಂಪ್ಲಾಂಟಿನಂಥ ದೊಡ್ಡ ಕೆಲಸಕ್ಕೆ ಎರಡು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತಂದರೆ ತೆಗೆದುಕೊಳ್ಳುವಂತಿಲ್ಲ, ಕಾನೂನಿದೆ. ರಾತ್ರಿ ಬೀಗ ಹಾಕುವ ಮೊದಲು ಗಲ್ಲಾದ ಹಣ, ಕಾರ್ಡು, ಯುಪಿಐ ಮೂರೂ ಪುಸ್ತಕಕ್ಕೆ ತಾಳೆ ಆಗಬೇಕು. ಹತ್ತು ರೂಪಾಯಿ ಕಮ್ಮಿ ಬಂದರೆ ಜೇಬಿನಿಂದ ಹಾಕಿ ಸರಿಮಾಡಬೇಡಿ, ಹೇಳಿ.

ಯಾರು ಅರ್ಜಿ ಹಾಕಬಹುದು

ಹನ್ನೆರಡನೇ ಕ್ಲಾಸ್ ಪಾಸಾಗಿದ್ದರೆ ಸಾಕು. ಕನ್ನಡ, ಮರಾಠಿ, ಹಿಂದಿ ಮಾತನಾಡಲು ಬರಬೇಕು, ಇಂಗ್ಲಿಷ್ ಓದಿ ಬರೆಯಲು ಬಂದರೆ ಆಯಿತು. ತುಳು ಬಂದರೆ ನಮ್ಮ ಅರ್ಧ ಪೇಷಂಟುಗಳಿಗೆ ನೀವು ಮನೆಯವರೇ. ಎಕ್ಸೆಲ್ ಗೊತ್ತಿರಬೇಕು. ಕ್ಲಿನಿಕ್ಕಿನ ಅನುಭವ ಇಲ್ಲದಿದ್ದರೂ ಪರವಾಗಿಲ್ಲ. ಹೋಟೆಲಿನ ಗಲ್ಲಾದಲ್ಲಿ ಕುಳಿತು ಲೆಕ್ಕ ನೋಡಿದವರು ಈ ಕೆಲಸವನ್ನು ಬೇಗ ಹಿಡಿಯುತ್ತಾರೆ. ಒಬ್ಬರ ಹಲ್ಲಿನ ಕಥೆ ಇನ್ನೊಬ್ಬರಿಗೆ ಹೇಳುವ ಚಟ ಇದ್ದರೆ ಬೇಡ. ಮಾಟುಂಗಾ ಚಿಕ್ಕ ಊರು!

ಸಮಯ, ಸಂಬಳ

ಸೋಮವಾರದಿಂದ ಶನಿವಾರ, ಬೆಳಿಗ್ಗೆ 9.30ರಿಂದ 1.30, ಸಂಜೆ 4.30ರಿಂದ 8.30. ನಡುವೆ ದೂರದವರು ಮನೆಗೆ ಹೋಗಿ ಬರಲು ಆಗುವುದಿಲ್ಲ, ಅದನ್ನು ಯೋಚಿಸಿ ಬನ್ನಿ. ಒಳಗಿನ ಕೋಣೆಯಲ್ಲಿ ಊಟ ಮಾಡಿ ಮಲಗಬಹುದು. ಸಂಬಳ ತಿಂಗಳಿಗೆ 22,000 ರೂಪಾಯಿ, ಮೂರು ತಿಂಗಳ ನಂತರ 24,000. ಲೋಕಲ್ ಪಾಸಿನ ಖರ್ಚು ನಮ್ಮದು. ದೀಪಾವಳಿಗೆ ಒಂದು ತಿಂಗಳ ಬೋನಸ್. ವರ್ಷಕ್ಕೆ 18 ದಿನ ರಜೆ. ಮಳೆಗೆ ರೈಲು ನಿಂತ ದಿನ ಇದಕ್ಕೆ ಸೇರುವುದಿಲ್ಲ.

ಕ್ಲಿನಿಕ್ ಭಾವು ದಾಜಿ ರಸ್ತೆಯಲ್ಲಿ, ಮೈಸೂರು ಅಸೋಸಿಯೇಷನ್ ಹತ್ತಿರ, ಔಷಧಿ ಅಂಗಡಿಯ ಮೇಲಿನ ಮಹಡಿ. ಮಾಟುಂಗಾ, ಕಿಂಗ್ಸ್ ಸರ್ಕಲ್ ಎರಡು ಸ್ಟೇಷನ್ನುಗಳಿಂದಲೂ ನಡೆದು ಬರಬಹುದು. ಮಂಗಳವಾರ ಅಥವಾ ಗುರುವಾರ ಮಧ್ಯಾಹ್ನ 2ರಿಂದ 4ರೊಳಗೆ ಬಯೋಡೇಟಾ ಹಿಡಿದು ನೇರ ಬನ್ನಿ. ಅರ್ಧ ಗಂಟೆ ಮಾತು, ಆಮೇಲೆ ಕೈಯಲ್ಲೇ ಒಂದು ಬಿಲ್ಲು ಬರೆಸುತ್ತೇವೆ. ಕನ್ನಡಕ ಬೇಕಾದವರು ಮರೆಯದೆ ತನ್ನಿ.