ಐದನೇ ಸೆಮಿಸ್ಟರ್ ಸ್ಟುಡಿಯೋ: ಐಐಎಂ ಬೆಂಗಳೂರಿನ ಪ್ರಿಸಿಡೆಂಟ್ ಸ್ಟಡಿ

ಈ ಸೆಮಿಸ್ಟರ್‌ನಲ್ಲಿ ನೀವು ಶಿರಾ ಊರಿನ ಹೊರಗೆ ಆರು ಎಕರೆ ಜಾಗದಲ್ಲಿ 600 ವಿದ್ಯಾರ್ಥಿಗಳ ಪದವಿ ಕಾಲೇಜೊಂದನ್ನು ಡಿಸೈನ್ ಮಾಡುತ್ತೀರಿ. ಅದಕ್ಕೆ ಮೊದಲು ಎರಡು ವಾರ ಒಂದೇ ಒಂದು ಕಟ್ಟಡದ ಜೊತೆ ಕೂರೋಣ. ಬನ್ನೇರುಘಟ್ಟ ರಸ್ತೆಯ ಐಐಎಂ ಬೆಂಗಳೂರು. ವಾಸ್ತುಶಿಲ್ಪಿ ಬಾಲಕೃಷ್ಣ ದೋಶಿ. ನೀವು 24 ಜನ ಇದ್ದೀರಿ, ನಾಲ್ಕು ನಾಲ್ಕು ಜನರ ಆರು ತಂಡಗಳು. ಭೇಟಿ ಆಗಸ್ಟ್ 18ರ ಸೋಮವಾರ, ಪಿನ್-ಅಪ್ ಸೆಪ್ಟೆಂಬರ್ 1ರ ಸೋಮವಾರ.

ಇದೇ ಕಟ್ಟಡ ಯಾಕೆ? ಇಲ್ಲಿ ಕ್ಲಾಸ್‌ರೂಮಿಗಿಂತ ಕಾರಿಡಾರ್ ಮುಖ್ಯ. ಒಂದು ಕಾಲೇಜಿನಲ್ಲಿ ಕಲಿಯುವುದು ಕ್ಲಾಸಿನ ಒಳಗೆ ಎಷ್ಟೋ, ಹೊರಗೆ ನಿಂತು ಮಾತಾಡುವಾಗಲೂ ಅಷ್ಟೇ. ದೋಶಿ ಈ ಮಾತನ್ನು ನಂಬಿದರು, ಕಲ್ಲು ಕಾಂಕ್ರೀಟಿನಲ್ಲಿ ಕಟ್ಟಿ ತೋರಿಸಿದರು. ನಿಮ್ಮ ಶಿರಾ ಕಾಲೇಜಿಗೂ ಇದೇ ಪ್ರಶ್ನೆ ಬರುತ್ತದೆ. ಕ್ಲಾಸು ಮುಗಿದ ಮೇಲೆ ಹುಡುಗ ಹುಡುಗಿಯರು ಎಲ್ಲಿ ನಿಲ್ಲುತ್ತಾರೆ? ಬಸ್ ಬರುವ ತನಕ ಎಲ್ಲಿ ಕೂರುತ್ತಾರೆ?

ಹಿನ್ನೆಲೆ ಇಷ್ಟು ಸಾಕು. ದೋಶಿ 1927ರಲ್ಲಿ ಪುಣೆಯಲ್ಲಿ ಹುಟ್ಟಿದರು. 1950ರ ದಶಕದ ಆರಂಭದಲ್ಲಿ ಪ್ಯಾರಿಸ್‌ನಲ್ಲಿ ಲೆ ಕಾರ್ಬೂಸಿಯೆ ಕಚೇರಿಯಲ್ಲಿ ಕೆಲಸ ಮಾಡಿದರು. ಆಮೇಲೆ ಐಐಎಂ ಅಹಮದಾಬಾದ್ ಕಟ್ಟುವಾಗ ಲೂಯಿ ಕಾನ್ ಜೊತೆಗಿದ್ದರು. ಬೆಂಗಳೂರಿನ ಈ ಕೆಲಸ 1977ರಲ್ಲಿ ಶುರುವಾಗಿ 1992ರವರೆಗೆ ಹಂತ ಹಂತವಾಗಿ ನಡೆಯಿತು. 2018ರಲ್ಲಿ ಅವರಿಗೆ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು, ಭಾರತದಿಂದ ಅದನ್ನು ಪಡೆದ ಮೊದಲಿಗರು ಅವರೇ. ಇದಕ್ಕಿಂತ ಹೆಚ್ಚು ಜೀವನಚರಿತ್ರೆ ನಿಮ್ಮ ಶೀಟಿನಲ್ಲಿ ಬೇಡ. ಹಿಂದೆ ಒಂದು ಪಿನ್-ಅಪ್‌ನಲ್ಲಿ ಮೊದಲ ಶೀಟ್ ಪೂರ್ತಿ ವಾಸ್ತುಶಿಲ್ಪಿಯ ಫೋಟೋ, ಹುಟ್ಟಿದ ಊರು, ಪ್ರಶಸ್ತಿಗಳ ಪಟ್ಟಿ. ಎರಡನೆಯದರಲ್ಲಿ ಇಂಟರ್‌ನೆಟ್ಟಿನ ಹದಿನೈದು ಫೋಟೋ. ಆ ತಂಡ ರಾತ್ರಿಯೆಲ್ಲ ಕೂತು ದುಡಿದಿತ್ತು. ಆದರೆ "ಈ ಗೋಡೆ ಯಾಕೆ ಇಲ್ಲಿ ತಿರುಗಿದೆ?" ಎಂದು ಕೇಳಿದಾಗ ನಾಲ್ಕೂ ಜನ ಸುಮ್ಮನಾದರು. ಅವರಷ್ಟೇ ಬೇಸರ ನನಗೂ ಆಯಿತು. ಅದಕ್ಕೇ ಈ ಸಲ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಏನನ್ನು ನೋಡಬೇಕು

ಪ್ರತಿ ತಂಡಕ್ಕೂ ಒಂದೇ ಪ್ರಶ್ನೆ. ಅದನ್ನು ನೀವೇ ಬರೆಯಬೇಕು, ಒಂದೇ ವಾಕ್ಯದಲ್ಲಿ. "ಸರ್ಕ್ಯುಲೇಶನ್" ಎನ್ನುವುದು ಪ್ರಶ್ನೆ ಅಲ್ಲ, ಬರೀ ತಲೆಬರಹ. "ಗೇಟಿನಿಂದ ಕ್ಲಾಸಿಗೆ ನಡೆಯುವವನು ಎಷ್ಟು ಸಲ ಬಿಸಿಲಿಗೆ ಬರುತ್ತಾನೆ, ಎಷ್ಟು ಸಲ ನೆರಳಿಗೆ ಹೋಗುತ್ತಾನೆ?" ಇದು ಪ್ರಶ್ನೆ. ಇದಕ್ಕೆ ಉತ್ತರವನ್ನು ಗೆರೆಯಲ್ಲಿ ಬರೆಯಬಹುದು, ಅಲ್ವಾ?

ಪ್ಲ್ಯಾನಿನಿಂದ ಶುರುಮಾಡಿ. ಬಟರ್ ಪೇಪರ್ ಹಾಕಿ ಕೈಯಲ್ಲೇ ಟ್ರೇಸ್ ಮಾಡಿ, ಕನಿಷ್ಠ ಮೂರು ಸಲ. ಮೊದಲ ಸಲ ಬರೀ ಗೋಡೆ. ಎರಡನೇ ಸಲ ಗೋಡೆ ಬಿಟ್ಟು, ಖಾಲಿ ಜಾಗಕ್ಕೆ ಮಾತ್ರ ಕಪ್ಪು ತುಂಬಿ. ಆಗ ಅಂಗಳಗಳು ಎದ್ದು ಕಾಣುತ್ತವೆ. ಅವು ಕಟ್ಟಡ ಕಟ್ಟಿ ಉಳಿದ ಜಾಗಗಳಲ್ಲ. ಒಂದೊಂದಕ್ಕೂ ಅದರದೇ ಆಕಾರ ಇದೆ, ಅಂಚು ಇದೆ. ಮೂರನೇ ಸಲ ನಡೆಯುವ ದಾರಿ ಮಾತ್ರ ಎಳೆಯಿರಿ. ಅಗಲ ಬದಲಾದ ಕಡೆಯಲ್ಲೆಲ್ಲ ಪೆನ್ಸಿಲ್ ನಿಲ್ಲಿಸಿ ಗುರುತು ಹಾಕಿ. ದೋಶಿ ಫತೇಪುರ್ ಸಿಕ್ರಿಯನ್ನು ನೋಡಿ ಕಲಿತದ್ದು ಇದನ್ನೇ. ಅಕ್ಬರನ ಆ ಊರಿನಲ್ಲಿ ಅಂಗಳಗಳು ಒಂದರ ಪಕ್ಕ ಒಂದು ಸರಿದು ಕೂತಿವೆ. ಒಂದರ ಮೂಲೆಯಿಂದ ಇನ್ನೊಂದಕ್ಕೆ ಜಾರಿಕೊಳ್ಳುತ್ತೀರಿ, ಎಲ್ಲವೂ ಒಂದೇ ನೋಟಕ್ಕೆ ಸಿಗುವುದಿಲ್ಲ. ಒಂದು ತಂಡ ಸಿಕ್ರಿಯ ಪ್ಲ್ಯಾನನ್ನೂ ಇದರ ಪ್ಲ್ಯಾನನ್ನೂ ಒಂದೇ ಸ್ಕೇಲಿಗೆ ತಂದು ಪಕ್ಕಪಕ್ಕ ಬರೆಯಲಿ. ಸ್ಕೇಲ್ ಒಂದೇ ಇರಬೇಕು. ಇಲ್ಲದಿದ್ದರೆ ಹೋಲಿಕೆ ಕಣ್ಣಿಗೆ ಮೋಸ ಮಾಡುತ್ತದೆ.

ಪ್ಲ್ಯಾನಿಗಿಂತ ಹೆಚ್ಚು ಹೊತ್ತು ಸೆಕ್ಷನ್ ಮೇಲೆ ಕಳೆಯಿರಿ. ಈ ಕಟ್ಟಡದ ಗುಟ್ಟು ಅಲ್ಲಿದೆ. ಕಾರಿಡಾರ್ ಕೆಲವು ಕಡೆ ಮೂರು ಮಹಡಿ ಎತ್ತರಕ್ಕೆ ಏರುತ್ತದೆ. ಮೇಲೆ ಒಮ್ಮೆ ಆಕಾಶ, ಒಮ್ಮೆ ಕಾಂಕ್ರೀಟ್ ಪರ್ಗೋಲಾ, ಒಮ್ಮೆ ಬೆಳಕುಕಿಂಡಿ ಇರುವ ಸೂರು. ಇಕ್ಕೆಲದಲ್ಲಿ ಒರಟು ಗ್ರಾನೈಟ್ ಗೋಡೆ. ಬೆಂಗಳೂರಿನಲ್ಲಿ ಮನೆಯ ಪಾಯಕ್ಕೂ ಕಾಂಪೌಂಡಿಗೂ ಬಳಸುತ್ತ ಬಂದ ಅದೇ ಬೂದು ಕಲ್ಲು. ಅದನ್ನು ಇಷ್ಟು ಎತ್ತರಕ್ಕೆ ನಿಲ್ಲಿಸಿದಾಗ ಏನಾಗುತ್ತದೆ ಎಂದು ಅಲ್ಲಿ ನಿಂತೇ ತಿಳಿಯಬೇಕು. ಮುಟ್ಟಿ ನೋಡಿ. ಕಲ್ಲಿನ ಒಂದು ವರಸೆ ಎಷ್ಟು ಎತ್ತರ ಅಂತ ಟೇಪ್ ಹಿಡಿದು ಅಳೆಯಿರಿ. ಆಮೇಲೆ ವರಸೆಗಳನ್ನು ಎಣಿಸಿದರೆ ಗೋಡೆಯ ಎತ್ತರ ಸುಮಾರಾಗಿ ಸಿಗುತ್ತದೆ, ಏಣಿ ಬೇಕಿಲ್ಲ.

ಬೆಳಕಿನ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸನ್-ಪಾತ್ ಚಿತ್ರ ಅಂಟಿಸಿ ಮುಂದೆ ಹೋಗುವವರೇ ಜಾಸ್ತಿ. ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಹಾಗಾಗಿ ವರ್ಷಕ್ಕೆ ಎರಡು ಸಲ, ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸು, ನಡುಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ಭೇಟಿಗೆ ಆ ದಿನ ಆರಿಸಿದ್ದು ಅದಕ್ಕೇ. ಮಧ್ಯಾಹ್ನ 12.24ರ ಹೊತ್ತಿಗೆ ಎಲ್ಲರೂ ಪರ್ಗೋಲಾ ಕೆಳಗೆ ನಿಂತಿರಬೇಕು. ಮೋಡ ಇದ್ದರೆ ಮೋಡದ ಬೆಳಕನ್ನೇ ಬರೆದುಕೊಳ್ಳಿ.

ಈಗ ಒಂದು ಲೆಕ್ಕ. ಪೂರ್ವ-ಪಶ್ಚಿಮಕ್ಕೆ ಮಲಗಿದ ತೊಲೆಗಳು ಎಂದುಕೊಳ್ಳಿ. ತೊಲೆಯ ಆಳ 60 ಸೆಂ.ಮೀ., ನಡುವಿನ ಸಂದೂ 60 ಸೆಂ.ಮೀ. ಈ ಅಂಕಿಗಳು ಅಭ್ಯಾಸಕ್ಕೆ ಮಾತ್ರ, ಅಲ್ಲಿಯ ಅಳತೆ ನೀವು ತರಬೇಕು. ಡಿಸೆಂಬರ್ 21ರ ನಡುಮಧ್ಯಾಹ್ನ ಸೂರ್ಯ ನೆತ್ತಿಯಿಂದ ದಕ್ಷಿಣಕ್ಕೆ 36.4 ಡಿಗ್ರಿ ವಾಲಿರುತ್ತಾನೆ.

```
60 × tan(36.4°) ≈ 44
60 − 44 = 16
```

ಅಂದರೆ ಪ್ರತಿ ಸಂದಿನಿಂದ ನೆಲಕ್ಕೆ ಬೀಳುವ ಬಿಸಿಲಿನ ಪಟ್ಟಿ 16 ಸೆಂ.ಮೀ. ಮಾತ್ರ. ಏಪ್ರಿಲ್ 24ಕ್ಕೆ ಅದೇ ಸಂದಿನಿಂದ ಪೂರ್ತಿ 60 ಸೆಂ.ಮೀ. ಬಿಸಿಲು ಬೀಳುತ್ತದೆ. ತಂಪಿನ ತಿಂಗಳಲ್ಲಿ ನೆರಳು ಜಾಸ್ತಿ, ಬೇಸಿಗೆಯಲ್ಲಿ ಕಡಿಮೆ! ಹಾಗಾದರೆ ಬೇಸಿಗೆಯ ನೆರಳು ಎಲ್ಲಿಂದ ಬರುತ್ತದೆ? ಬಳ್ಳಿಯಿಂದಲೇ? ಎತ್ತರದ ಗೋಡೆಯಿಂದಲೇ? ಪಕ್ಕದ ಮರದಿಂದಲೇ? ಗೋಡೆ ಬೆಳಿಗ್ಗೆ ಸಂಜೆ ನೆರಳು ಕೊಡುತ್ತದೆ, ನಡುಮಧ್ಯಾಹ್ನ ಕೊಡುವುದಿಲ್ಲ. ತೊಲೆ ಉತ್ತರ-ದಕ್ಷಿಣಕ್ಕೆ ತಿರುಗಿದರೆ ಲೆಕ್ಕವೇ ಬೇರೆ. ಅದನ್ನು ನೀವು ಮಾಡಿ. ಹಸಿರಿಗೆ ಇಲ್ಲಿ ಎಷ್ಟು ಕೆಲಸ ಇದೆ ಎನ್ನುವುದು ಈ ಲೆಕ್ಕ ಮಾಡಿದವರಿಗೆ ಮಾತ್ರ ಹೊಳೆಯುತ್ತದೆ.

ರಚನೆಯನ್ನೂ ಒಮ್ಮೆ ನೋಡಿ. ಭಾರ ಹೊರುವುದು ಯಾವುದು, ಜಾಗವನ್ನು ಬರೀ ಬೇರ್ಪಡಿಸುವುದು ಯಾವುದು? ಒಂದು ಪುಟ್ಟ ಡಯಾಗ್ರಮ್ ಸಾಕು. ಬೆಳೆಯುವ ರೀತಿಯನ್ನು ಒಂದು ತಂಡ ತೆಗೆದುಕೊಳ್ಳಲಿ. 15 ವರ್ಷ ಹಂತ ಹಂತವಾಗಿ ಕಟ್ಟಿದರೂ ಒಂದೇ ಕಟ್ಟಡದ ಹಾಗೆ ಕಾಣಬೇಕಾದರೆ ಮೊದಲ ಪ್ಲ್ಯಾನಿನಲ್ಲಿ ಏನು ಇರಬೇಕು? ಶಿರಾದಲ್ಲಿ ನಿಮಗೂ ಎಲ್ಲ ಹಣ ಒಂದೇ ಸಲ ಸಿಗುವುದಿಲ್ಲ.

ಭೇಟಿಯ ದಿನ ಒಬ್ಬರು ಒಂದೇ ಜಾಗದಲ್ಲಿ 40 ನಿಮಿಷ ಕೂರಬೇಕು. ಫೋನ್ ಚೀಲದಲ್ಲಿರಲಿ. ಎಷ್ಟು ಜನ ಹಾದುಹೋದರು, ಎಷ್ಟು ಜನ ನಿಂತರು, ನಿಂತವರು ಎಲ್ಲಿ ಒರಗಿದರು ಅಂತ ಪ್ಲ್ಯಾನಿನ ಮೇಲೆ ಚುಕ್ಕಿ ಇಡಿ. ಜನರ ಫೋಟೋ ತೆಗೆಯಬೇಡಿ, ಕ್ಲಾಸಿನ ಬಾಗಿಲಲ್ಲಿ ಇಣುಕಬೇಡಿ. ಚುಕ್ಕಿಗಳು ಒಂದು ಕಡೆ ಗುಂಪಾದರೆ ಅಲ್ಲಿಗೆ ಹೋಗಿ ನೀವೂ ಕೂತು ನೋಡಿ. ಕಟ್ಟೆ ತಂಪಾಗಿದೆಯೇ? ಗಾಳಿ ಬರುತ್ತದೆಯೇ? ನಮ್ಮ ಹಳ್ಳಿಮನೆಯ ಜಗಲಿಯಲ್ಲಿ ಜನ ಕೂರುವುದಕ್ಕೂ ಇದಕ್ಕೂ ಕಾರಣ ಒಂದೇ ಇರಬಹುದು, ಇಲ್ಲದೆಯೂ ಇರಬಹುದು. ನೋಡಿದ ಮೇಲೆ ಹೇಳಿ.

ಹೇಗೆ ತೋರಿಸಬೇಕು

ನಾಲ್ಕು ಎ2 ಶೀಟ್, ಒಂದು ಮಾಡೆಲ್. ಅದಕ್ಕಿಂತ ಜಾಸ್ತಿ ಬೇಡ.

ಮೊದಲ ಶೀಟಿನ ಮೇಲ್ಭಾಗದಲ್ಲಿ ನಿಮ್ಮ ಪ್ರಶ್ನೆ, ಅದರ ಕೆಳಗೆ ಒಂದೇ ಚಿತ್ರದಲ್ಲಿ ನಿಮ್ಮ ಉತ್ತರ. ಮೂರು ಮೀಟರ್ ದೂರದಿಂದ ನೋಡಿದರೂ ಗೊತ್ತಾಗಬೇಕು. ಎರಡನೆಯದರಲ್ಲಿ ಪ್ಲ್ಯಾನ್, ಮೂರನೆಯದರಲ್ಲಿ ಉದ್ದದ ಸೆಕ್ಷನ್, 1:200. ಮನುಷ್ಯರನ್ನು ಬರೆಯಿರಿ, ಮರ ಬರೆಯಿರಿ, ನೆರಳು ಬರೆಯಿರಿ. ಯಾವ ದಿನದ ಎಷ್ಟು ಗಂಟೆಯ ನೆರಳು ಅಂತ ಪಕ್ಕದಲ್ಲಿ ಬರೆಯಿರಿ. ಕತ್ತರಿಸಿದ ಗೋಡೆಗೆ ದಪ್ಪ ಗೆರೆ, ಹಿಂದೆ ಕಾಣುವುದಕ್ಕೆ ತೆಳು. ಉತ್ತರ ದಿಕ್ಕು ಎಲ್ಲ ಶೀಟಿನಲ್ಲೂ ಮೇಲಕ್ಕೇ ಇರಲಿ. ಬಣ್ಣ ಒಂದೇ ಒಂದು, ಅದೂ ನಿಮ್ಮ ಪ್ರಶ್ನೆಗೆ ಸಂಬಂಧಪಟ್ಟದ್ದಕ್ಕೆ ಮಾತ್ರ.

ನಾಲ್ಕನೇ ಶೀಟ್ ನನಗೆ ಎಲ್ಲಕ್ಕಿಂತ ಇಷ್ಟ. ಅದರಲ್ಲಿ ಎಡಕ್ಕೆ ಈ ಕಟ್ಟಡದಿಂದ ಶಿರಾಗೆ ತೆಗೆದುಕೊಂಡು ಹೋಗುವುದು, ಬಲಕ್ಕೆ ಇಲ್ಲೇ ಬಿಟ್ಟು ಹೋಗುವುದು. ಶಿರಾದ ಬಿಸಿಲು ಬೆಂಗಳೂರಿನ ಬಿಸಿಲಲ್ಲ, ಮಳೆಯೂ ಕಡಿಮೆ, ಬಳ್ಳಿಗೆ ನೀರು ಹಾಕುವವರು ಬೇಕು. ಇಲ್ಲಿರುವುದು ಸುಮಾರು 100 ಎಕರೆ, ನಿಮ್ಮದು ಆರು. ತೆರೆದ ಪರ್ಗೋಲಾ ಹಾಗೇ ಎತ್ತಿಕೊಂಡು ಹೋದರೆ ಏಪ್ರಿಲ್‌ನಲ್ಲಿ ಅದರ ಕೆಳಗೆ ಯಾರೂ ನಿಲ್ಲುವುದಿಲ್ಲ. ಆಕಾರ ಬಿಟ್ಟು ತತ್ವ ಹಿಡಿಯಿರಿ. ಬಲಭಾಗ ಖಾಲಿ ಇದ್ದರೆ ಶೀಟ್ ವಾಪಸ್ ಕೊಡುತ್ತೇನೆ.

ಮಾಡೆಲ್ 1:100, ಇಡೀ ಕಟ್ಟಡ ಬೇಡ. ಕಾರಿಡಾರಿನ ಒಂದು ತುಂಡು, ಸೆಕ್ಷನ್‌ನಲ್ಲಿ ಕತ್ತರಿಸಿದ್ದು. ಬೂದು ಬಣ್ಣದ ಬೋರ್ಡ್ ಸಾಕು, ಕಲ್ಲಿನ ಚಿತ್ರ ಪ್ರಿಂಟ್ ಮಾಡಿ ಅಂಟಿಸಬೇಡಿ. ಪಿನ್-ಅಪ್ ದಿನ ಅದನ್ನು ಕಿಟಕಿಯ ಹತ್ತಿರ ಹಿಡಿದು ಟಾರ್ಚ್ ಬಿಟ್ಟು ನೆರಳು ತೋರಿಸಿ.

ಮಾತಿಗೆ ಎಂಟು ನಿಮಿಷ. ಮೊದಲ ನಿಮಿಷದಲ್ಲೇ ಉತ್ತರ ಹೇಳಿ, ಉಳಿದ ಏಳರಲ್ಲಿ ಸಾಕ್ಷಿ ತೋರಿಸಿ. ಕನ್ನಡದಲ್ಲೇ ಮಾತಾಡಬಹುದು. ನಾಲ್ಕೂ ಜನ ಮಾತಾಡಬೇಕು, ಸೆಕ್ಷನ್ ಬರೆದವರೇ ಸೆಕ್ಷನ್ ವಿವರಿಸಲಿ. ಬೇರೆಯವರ ಫೋಟೋ ಅಥವಾ ಡ್ರಾಯಿಂಗ್ ಬಳಸಿದರೆ ಯಾರದ್ದೆಂದು ಅದರ ಕೆಳಗೇ ಬರೆಯಿರಿ. 50 ಅಂಕದಲ್ಲಿ 20 ಡ್ರಾಯಿಂಗ್‌ಗೆ, 15 ನಾಲ್ಕನೇ ಶೀಟಿಗೆ, 10 ಮಾಡೆಲ್‌ಗೆ, 5 ಮಾತಿಗೆ.

ಆಗಸ್ಟ್ 18ರ ಬೆಳಿಗ್ಗೆ 9.30ಕ್ಕೆ ಮುಖ್ಯ ಗೇಟಿನ ಮುಂದೆ ಸೇರೋಣ. ಐಡಿ ಕಾರ್ಡ್, ಐದು ಮೀಟರ್ ಟೇಪ್, ದಿಕ್ಸೂಚಿ, ಬಟರ್ ಪೇಪರ್, 2ಬಿ ಪೆನ್ಸಿಲ್, ನೀರು, ಕೊಡೆ ಇರಲಿ. ನಿಮ್ಮ ತಂಡದ ಪ್ರಶ್ನೆಯನ್ನು ಶನಿವಾರ ಸಂಜೆಯೊಳಗೆ ನನಗೆ ಬರೆದು ಕೊಡಿ. ಸರಿಯಿಲ್ಲ ಅನ್ನಿಸಿದರೆ ಭಾನುವಾರ ಫೋನ್ ಮಾಡುತ್ತೇನೆ, ಕೂತು ತಿದ್ದೋಣ.