ದಂತ ಚಿಕಿತ್ಸಾಲಯಕ್ಕೆ ಕೊಟ್ಟ ಮನೆಯ ಬಳಕೆ: ಬಾಡಿಗೆ ಕರಾರಿನ ಅನುಬಂಧ

ಮಂಗಳೂರು ಬಿಜೈಯಲ್ಲಿರುವ ಮಾಲೀಕರ ಎರಡಂತಸ್ತಿನ ಮನೆಯ ಕೆಳಗಿನ 720 ಚದರಡಿ ಜಾಗವನ್ನು 5 ವರ್ಷಕ್ಕೆ ಬಾಡಿಗೆಗೆ ಕೊಟ್ಟ ಮೂಲ ಕರಾರಿನೊಂದಿಗೇ ಈ ಅನುಬಂಧವೂ ನೋಂದಣಿಯಾಗತಕ್ಕದ್ದು. ಬಾಡಿಗೆ, ಮುಂಗಡ, ರಿಪೇರಿಯ ಮಾತು ಮೂಲ ಕರಾರಿನಲ್ಲಿದೆ. ಇಲ್ಲಿರುವುದು ಬಳಕೆಯ ಷರತ್ತು ಮಾತ್ರ. ಬಾಡಿಗೆದಾರರನ್ನು ಮುಂದೆ ‘ಡಾಕ್ಟರು’ ಎಂದು ಕರೆಯಲಾಗಿದೆ.

1. ಈ ಜಾಗವನ್ನು ಎರಡು ಕುರ್ಚಿಗಳ ದಂತ ಚಿಕಿತ್ಸಾಲಯಕ್ಕೆ ಮಾತ್ರ ಬಳಸಬೇಕು. ಹಲ್ಲು ಕೀಳುವುದು, ರೂಟ್ ಕೆನಾಲ್, ಇಂಪ್ಲಾಂಟ್ ಮುಂತಾಗಿ ಬಾಯಿಯ ಆ ಭಾಗವನ್ನಷ್ಟೇ ಮರಗಟ್ಟಿಸಿ ಮಾಡುವ ಚಿಕಿತ್ಸೆಗಳೆಲ್ಲ ಇದರಲ್ಲಿ ಸೇರಿವೆ. ಪೂರ್ತಿ ಪ್ರಜ್ಞೆ ತಪ್ಪಿಸಿ ಮಾಡುವ ಶಸ್ತ್ರಚಿಕಿತ್ಸೆ, ರಾತ್ರಿ ಉಳಿಯುವ ರೋಗಿಗಳ ಹಾಸಿಗೆ, ಔಷಧದಂಗಡಿ, ರಕ್ತ ಪರೀಕ್ಷೆಯ ಲ್ಯಾಬ್, ಸ್ಕ್ಯಾನಿಂಗ್ ಸೇರಿಲ್ಲ. ಸ್ಕ್ಯಾನಿಂಗ್ ಯಂತ್ರಕ್ಕೆ ಭ್ರೂಣದ ಲಿಂಗ ಪತ್ತೆಯನ್ನು ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆಯಡಿ ಬೇರೆಯೇ ನೋಂದಣಿ ಬೇಕು. ಆ ಹೊಣೆಗಾರಿಕೆ ಈ ಮನೆಗೆ ಬರುವುದು ಮಾಲೀಕರಿಗೆ ಬೇಡ.

2. ವಾರಕ್ಕೆರಡು ದಿನ ಹಲ್ಲಿಗೆ ಕ್ಲಿಪ್ ಹಾಕುವ ತಜ್ಞರು ಬಂದು ಹೋಗುವುದನ್ನು ಒಳಬಾಡಿಗೆಯೆಂದು ಎಣಿಸುವಂತಿಲ್ಲ. ಆದರೆ ಒಂದು ಕೋಣೆಯನ್ನು ಚರ್ಮದ ಡಾಕ್ಟರಿಗೋ ಟ್ಯೂಷನ್ನಿಗೋ ಬಿಟ್ಟುಕೊಟ್ಟರೆ ಅದು ಒಳಬಾಡಿಗೆಯೇ, ಹಣ ಪಡೆಯದಿದ್ದರೂ ಸರಿ.

3. ಡಾಕ್ಟರು ತಮ್ಮ ಹೆಸರಿನಲ್ಲಿ, ತಮ್ಮ ಖರ್ಚಿನಲ್ಲಿ ಪಡೆಯಬೇಕಾದ ಪರವಾನಗಿಗಳು ಇವು: 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ (ಕೆಪಿಎಂಇ) ಪ್ರಕಾರ ಜಿಲ್ಲಾ ಪ್ರಾಧಿಕಾರದ ನೋಂದಣಿ, ಮಹಾನಗರಪಾಲಿಕೆಯ ಉದ್ದಿಮೆ ಪರವಾನಗಿ, ಜೈವಿಕ ವೈದ್ಯಕೀಯ ತ್ಯಾಜ್ಯಕ್ಕೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ, ಎಕ್ಸ್‌ರೇ ಯಂತ್ರಕ್ಕೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಒಪ್ಪಿಗೆ. ಕೆಪಿಎಂಇ ನೋಂದಣಿ ಕೈಗೆ ಬರುವ ಮೊದಲು ಒಬ್ಬ ರೋಗಿಯನ್ನೂ ನೋಡುವಂತಿಲ್ಲ, ಪರಿಚಯದವರೆಂದು ಕೂಡ.

4. ಖಾತಾ, ಆಸ್ತಿ ತೆರಿಗೆ ರಸೀದಿ, ಮಂಜೂರಾದ ನಕ್ಷೆ, ಒಪ್ಪಿಗೆ ಪತ್ರ ಇವಿಷ್ಟನ್ನು ಮಾಲೀಕರು ಸಹಿಯಾದ 7 ದಿನದೊಳಗೆ ಕೊಡಬೇಕು. ನಕ್ಷೆಯಲ್ಲಿ ವಾಸದ ಮನೆ ಎಂದಿರುವುದರಿಂದ ಕೆಳಗಿನ ಅಂತಸ್ತಿನ ಬಳಕೆ ಬದಲಾವಣೆಗೆ ನಗರಾಭಿವೃದ್ಧಿ ಪ್ರಾಧಿಕಾರದಲ್ಲಿಯೂ ಪಾಲಿಕೆಯಲ್ಲಿಯೂ ಅರ್ಜಿ ಹಾಕಿ ಓಡಾಡುವುದು ಮಾಲೀಕರ ಕೆಲಸ, ಶುಲ್ಕವೂ ಅವರದೇ. ಮೆಸ್ಕಾಂ ಮೀಟರನ್ನು ವಾಣಿಜ್ಯ ದರಕ್ಕೆ ಬದಲಿಸುವ ಖರ್ಚು ಡಾಕ್ಟರದು. ಬದಲಿಸದೆ ಕಾರ್ಯಾಚರಣೆ ನಡೆಸಿ ದಂಡ ಬಂದರೆ ಅದೂ ಅವರದೇ.

5. ಕೀಲಿಕೈ ಕೊಟ್ಟ ದಿನದಿಂದ 90 ದಿನ ಬಾಡಿಗೆಯಿಲ್ಲ. ಅಷ್ಟರೊಳಗೆ ಕಟ್ಟಡದ ಕಾರಣಕ್ಕೆ, ಅಂದರೆ ವಲಯ, ನಕ್ಷೆ ಅಥವಾ ಖಾತೆಯ ತಕರಾರಿನಿಂದ, ಅನುಮತಿ ಸಿಗದಿದ್ದರೆ ಕರಾರು ಅಲ್ಲಿಗೆ ಮುಗಿಯಿತು, ಮುಂಗಡ ಪೂರ್ತಿ ವಾಪಸು. ಡಾಕ್ಟರ ದಾಖಲೆ ಅಥವಾ ವಿಳಂಬವೇ ಕಾರಣವಾದರೆ 91ನೇ ದಿನದಿಂದ ಬಾಡಿಗೆ ನಡೆಯುತ್ತದೆ.

6. ಹಿತ್ತಲಿನ ಬಾವಿಯ ನೀರನ್ನು ಮೇಲಿನ ಮನೆಯವರು ಕುಡಿಯುತ್ತಾರೆ. ಆದ್ದರಿಂದ ರೋಗಿ ಬಾಯಿ ಮುಕ್ಕಳಿಸಿ ಉಗುಳುವ ಬೋಗುಣಿಯ ನೀರು, ಉಪಕರಣ ತೊಳೆದ ನೀರು ನಿಯಮದಂತೆ ಸೋಂಕುಮುಕ್ತವಾಗಿ ಒಳಚರಂಡಿಗೇ ಹೋಗಬೇಕು. ತೆಂಗಿನ ಕಟ್ಟೆಗೆ, ಮಳೆನೀರಿನ ತೋಡಿಗೆ ಒಂದು ಹನಿಯೂ ಬಿಡಕೂಡದು. ರಕ್ತ ತಾಗಿದ ಹತ್ತಿ, ಸೂಜಿಗಳನ್ನು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಬಣ್ಣಗಳಂತೆ ವಿಂಗಡಿಸಿ, 48 ಗಂಟೆ ಮೀರದಂತೆ ಸಾಮೂಹಿಕ ಸಂಸ್ಕರಣಾ ಘಟಕದ ವಾಹನಕ್ಕೆ ಕೊಡಬೇಕು. ಪಾಲಿಕೆಯ ಕಸದ ಗಾಡಿಗೆ ಸೇರಿಸುವಂತಿಲ್ಲ. ಆಟಿಯ ಮಳೆಯಲ್ಲಿ ವಾಹನ ತಡವಾದರೂ ಚೀಲಗಳು ಜಗಲಿಗೆ ಬರಬಾರದು.

7. ಒಳಕೋಣೆಯ ಕಾವಿ ನೆಲವನ್ನು ಕುರ್ಚಿಯ ನೀರು, ಗಾಳಿಯ ಪೈಪಿಗಾಗಿ ಅಗೆಯಬಾರದು. ಪೈಪು ಗೋಡೆಯ ಬದಿಯಲ್ಲಿ ಸಾಗಲಿ. ಹಿಂದಿದ್ದ ಬಾಡಿಗೆದಾರರು ಹೇಳದೆ ಕೇಳದೆ ನಡುಗೋಡೆ ಒಡೆದ ಬಿರುಕು ಇನ್ನೂ ಮೇಲಿನ ಕೋಣೆಯಲ್ಲಿದೆ, ಆದ್ದರಿಂದ ಇಷ್ಟು ಬಿಡಿಸಿ ಬರೆದದ್ದು. ಕಂಪ್ರೆಸರ್ ಹಿತ್ತಲ ಶೆಡ್ಡಿನಲ್ಲಿರಬೇಕು, ರಾತ್ರಿ 8ರ ನಂತರ ಬಂದ್.

8. ಬಳಕೆಯಲ್ಲಿ ಏನಾದರೂ ಹೊಸದು ಸೇರಿಸಬೇಕಿದ್ದರೆ ಡಾಕ್ಟರು ಬರೆದು ಕೇಳಬೇಕು. ಮಾಲೀಕರು 15 ದಿನದಲ್ಲಿ ಉತ್ತರಿಸಬೇಕು; ಬೇಡವೆಂದರೆ ಕಾರಣ ಕೊಡಬೇಕು. ಮೌನವನ್ನು ಒಪ್ಪಿಗೆ ಎಂದುಕೊಳ್ಳುವಂತಿಲ್ಲ. ಕೇಳದೆ ಬದಲಿಸಿದರೆ 30 ದಿನದ ನೋಟಿಸು, ಅಷ್ಟರಲ್ಲಿ ಸರಿಪಡಿಸದಿದ್ದರೆ ತೆರವು. ಕೆಪಿಎಂಇ ನೋಂದಣಿ ರದ್ದಾದರೆ ಆ ದಿನವೇ ಚಿಕಿತ್ಸೆ ನಿಲ್ಲಿಸಬೇಕು, ಬಾಡಿಗೆ ಮಾತ್ರ ನಿಲ್ಲುವುದಿಲ್ಲ.

9. ಬಿಡುವಾಗ ಕೆಪಿಎಂಇ ನೋಂದಣಿ, ಉದ್ದಿಮೆ ಪರವಾನಗಿ ಈ ವಿಳಾಸದಿಂದ ರದ್ದಾದ ಪತ್ರ, ಎಕ್ಸ್‌ರೇ ಯಂತ್ರ ಸ್ಥಳಾಂತರವಾದ ದಾಖಲೆ, ಕೊನೆಯ ತ್ಯಾಜ್ಯ ಒಯ್ದ ರಸೀದಿ ಈ ನಾಲ್ಕೂ ಕೈಗೆ ಬಂದ ಮೇಲೆಯೇ ಮುಂಗಡ ವಾಪಸು. ಪತ್ರಗಳು ಸಿಕ್ಕ ಮೇಲೆ ಮಾಲೀಕರು 10 ದಿನಕ್ಕಿಂತ ಹೆಚ್ಚು ಹಣ ಇಟ್ಟುಕೊಳ್ಳುವಂತಿಲ್ಲ.

ಇಬ್ಬರೂ ಓದಿ ಒಪ್ಪಿ, ಇಬ್ಬರು ಸಾಕ್ಷಿಗಳ ಎದುರು ಮಂಗಳೂರಿನಲ್ಲಿ ಸಹಿ ಹಾಕಿರುತ್ತಾರೆ.